ಚೀಲಕ್ಕೆ 28 ರೂಪಾಯಿ ನಷ್ಟ: ಮಿಲ್ ಓಡಿಸಬೇಕೋ, ನಿಲ್ಲಿಸಬೇಕೋ?

ಪ್ರಶ್ನೆ: ಸರ್, ಕಾರಟಗಿ ಹತ್ತಿರ ನಮ್ಮದು ಗಂಟೆಗೆ 2 ಟನ್ ಭತ್ತ ಅರೆಯುವ ರೈಸ್ ಮಿಲ್ ಇದೆ. ತಿಂಗಳಿಗೆ 75 ಕೆ.ಜಿ.ಯ 6,000 ಚೀಲ ಭತ್ತ ಮಾಡುತ್ತೇವೆ. ನಮ್ಮ ಲೆಕ್ಕದವರು ‘ಚೀಲಕ್ಕೆ 28 ರೂಪಾಯಿ ಲುಕ್ಸಾನು, ಓಡಿಸಿದಷ್ಟೂ ಕಳೆದುಕೊಳ್ಳುತ್ತೀರಿ, ಸುಗ್ಗಿ ಬರೋವರೆಗೆ ಮೂರು ತಿಂಗಳು ಬಂದ್ ಮಾಡಿ’ ಅನ್ನುತ್ತಾರೆ. ಅಣ್ಣ ಮಾತ್ರ ‘ಮಿಲ್ ನಿಲ್ಲಬಾರದು’ ಅಂತ ಹಟ ಹಿಡಿದಿದ್ದಾನೆ. ಇದರ ಜೊತೆಗೆ 1,800 ರೂಪಾಯಿಗೆ ಕೊಂಡ 4,000 ಚೀಲ ಭತ್ತ ಗೋದಾಮಿನಲ್ಲಿದೆ, ಈಗ ದರ 1,650ಕ್ಕೆ ಇಳಿದಿದೆ. ಲೆಕ್ಕದ ಹಾಳೆ ಕಳಿಸಿದ್ದೇನೆ. ಯಾರ ಮಾತು ಕೇಳಲಿ?

ಉತ್ತರ: ಈ ತಿಂಗಳ ಮಟ್ಟಿಗೆ ನಿಮ್ಮ ಅಣ್ಣನ ತೀರ್ಮಾನ ಸರಿ. ಆದರೆ ‘ಮಿಲ್ ನಿಲ್ಲಬಾರದು’ ಎನ್ನುವುದು ಕಾರಣವಲ್ಲ. ಅಕ್ಕಿಯ ದರ ಕೆ.ಜಿ.ಗೆ ಒಂದು ರೂಪಾಯಿ ಇಳಿದರೆ ಅದೇ ಮಾತು ನಿಮ್ಮನ್ನು ಮುಳುಗಿಸುತ್ತದೆ. ಲೆಕ್ಕದವರ 28 ರೂಪಾಯಿಯೂ ಸುಳ್ಳಲ್ಲ, ಅದರಿಂದ ಅವರು ತೆಗೆದ ತೀರ್ಮಾನ ತಪ್ಪು. ಎಲ್ಲಿ ತಪ್ಪಿತು ಎಂಬುದನ್ನು ನಿಮ್ಮ ಹಾಳೆಯಿಂದಲೇ ನೋಡೋಣ.

ಮೊದಲು ಒಂದು ಚೀಲ ಭತ್ತದಿಂದ ನಿಮಗೆ ಏನು ಬರುತ್ತದೆ? 46 ಕೆ.ಜಿ. ಅಕ್ಕಿ, 33 ರೂಪಾಯಿಯಂತೆ 1,518. ನುಚ್ಚು 5 ಕೆ.ಜಿ., 22ರಂತೆ 110. ತೌಡು 5 ಕೆ.ಜಿ., 20ರಂತೆ 100. ಹೊಟ್ಟು 15 ಕೆ.ಜಿ., 4ರಂತೆ 60. ಉಳಿದ 4 ಕೆ.ಜಿ. ಜೊಳ್ಳು, ಧೂಳು, ತೇವಾಂಶವಾಗಿ ಹೋಗುತ್ತದೆ. ಒಟ್ಟು 1,788 ರೂಪಾಯಿ.

ಇನ್ನು ಆ ಚೀಲವನ್ನು ಅರೆಯದೇ ಇದ್ದರೆ ಉಳಿಯುತ್ತಿದ್ದ ಖರ್ಚು ಯಾವುದು? ಮಾರುಕಟ್ಟೆ ಶುಲ್ಕ ಸೇರಿ ಭತ್ತದ ಬೆಲೆ 1,650. ಯೂನಿಟ್ ಲೆಕ್ಕದ ವಿದ್ಯುತ್ 20, ಹಮಾಲಿ 22, ಅಕ್ಕಿ ಚೀಲ 30, ರಬ್ಬರ್ ರೋಲ್ ಮತ್ತು ಜಾಲರಿ ಸವೆತ 6, ದಲಾಲಿ ಮತ್ತು ಸಾಗಣೆ 14, ಭತ್ತಕ್ಕೆ ಹಾಕಿದ ದುಡ್ಡಿನ ಒಂದು ತಿಂಗಳ ಬಡ್ಡಿ 16. ಇವೆಲ್ಲ ಸೇರಿ 1,758. ಅರೆದ ಚೀಲಗಳು ಹೆಚ್ಚಾದರೆ ಹೆಚ್ಚುವ, ನಿಲ್ಲಿಸಿದರೆ ನಿಲ್ಲುವ ಖರ್ಚು ಇದು. ಅರ್ಥಶಾಸ್ತ್ರದಲ್ಲಿ ಇದನ್ನೇ ಸರಾಸರಿ ಬದಲಾಗುವ ವೆಚ್ಚ ಎನ್ನುವುದು.

ಬಂದದ್ದು 1,788, ಅದಕ್ಕಾಗಿ ಹೋದದ್ದು 1,758. ಪ್ರತಿ ಚೀಲಕ್ಕೆ 30 ರೂಪಾಯಿ ಕೈಯಲ್ಲಿ ಉಳಿಯುತ್ತಿದೆ. 6,000 ಚೀಲಕ್ಕೆ 1,80,000.

ಹಾಗಾದರೆ ನಷ್ಟ ಎಲ್ಲಿಂದ ಬಂತು? ನಿಮ್ಮ ತಿಂಗಳ ಸ್ಥಿರ ವೆಚ್ಚದಿಂದ. ಮಷಿನರಿ ಸಾಲದ ಕಂತು 2,10,000, ಜೆಸ್ಕಾಂ ವಿದ್ಯುತ್ ಬಿಲ್ಲಿನ ಬೇಡಿಕೆ ಶುಲ್ಕ 30,000, ತಿಂಗಳ ಸಂಬಳದವರಿಗೆ 90,000, ವಿಮೆ ಮತ್ತು ಲೈಸೆನ್ಸ್ 20,000. ಒಟ್ಟು 3,50,000. ಲೆಕ್ಕದವರು ಇದನ್ನು 6,000 ಚೀಲಕ್ಕೆ ಹಂಚಿದ್ದಾರೆ. ಚೀಲಕ್ಕೆ ಸುಮಾರು 58 ಬಂತು. ಉಳಿಯುವ 30 ಕಳೆದು 28 ರೂಪಾಯಿ ನಷ್ಟ ಎಂದು ಬರೆದಿದ್ದಾರೆ.

ಹಂಚಿದ್ದು ಸರಿಯೇ. ಆದರೆ ಆ 58 ರೂಪಾಯಿ ಚೀಲದ ಬೆನ್ನಿಗೆ ಹುಟ್ಟಿದ್ದಲ್ಲ. ಮಿಲ್ ಓಡಲಿ, ಬೀಗ ಬೀಳಲಿ, ತಿಂಗಳ 5ನೇ ತಾರೀಕು ಬಂದರೆ ಬ್ಯಾಂಕಿಗೆ ಕಂತು ಹೋಗಲೇಬೇಕು. ಓಡಿಸಿದರೆ ತಿಂಗಳ ನಷ್ಟ 3,50,000ದಲ್ಲಿ 1,80,000 ಕಳೆದು 1,70,000. ನಿಲ್ಲಿಸಿದರೆ ಪೂರ್ತಿ 3,50,000. ನಿಮ್ಮ ಮುಂದಿರುವುದು ಲಾಭ ನಷ್ಟಗಳ ನಡುವಿನ ಆಯ್ಕೆಯಲ್ಲ, ಎರಡು ನಷ್ಟಗಳಲ್ಲಿ ಯಾವುದು ಸಣ್ಣದು ಎಂಬುದರ ಆಯ್ಕೆ.

‘ಓಡಿಸಿದಷ್ಟೂ ನಷ್ಟ’ ಎಂಬ ಮಾತನ್ನು ಸುಲಭವಾಗಿ ಪರೀಕ್ಷಿಸಬಹುದು. ತಿಂಗಳಿಗೆ 3,000 ಚೀಲ ಮಾತ್ರ ಅರೆದರೆ ನಿಮ್ಮ ನಷ್ಟ 2,60,000. 8,000 ಅರೆದರೆ 1,10,000. ಅಂದರೆ ಓಡಿಸಿದಷ್ಟೂ ನಷ್ಟ ಇಳಿಯುತ್ತಿದೆ. ಚೀಲಕ್ಕೆ ನಿಜವಾಗಿ 28 ರೂಪಾಯಿ ಹೋಗುತ್ತಿದ್ದರೆ ಒಟ್ಟು ನಷ್ಟ ಏರಬೇಕಿತ್ತು. ಈ ಲೆಕ್ಕ ಹಿಡಿದು ತಿಂಗಳಿಗೆ 12,000 ಚೀಲ ಓಡಿಸಿ ನಷ್ಟವನ್ನೇ ಅಳಿಸಿಬಿಡುತ್ತೇನೆ ಎಂದು ಹೊರಡಬೇಡಿ. ಎರಡು ಪಾಳಿಯಲ್ಲಿ ಮಷಿನ್ ಅಷ್ಟು ಅರೆದೀತು. ಆದರೆ ಸುಗ್ಗಿ ಅಲ್ಲದ ಹೊತ್ತಿನಲ್ಲಿ ಅಷ್ಟು ಭತ್ತಕ್ಕೆ ನೀವು ಕೈಹಾಕಿದರೆ ಕೊಳ್ಳುವ ದರ ಏರುತ್ತದೆ, ರಾತ್ರಿ ಪಾಳಿಯ ಕೂಲಿಯೂ ಹೆಚ್ಚು. ಚೀಲಕ್ಕೆ 30 ರೂಪಾಯಿ ಏರಿದರೆ ಸಾಕು, ಉಳಿಯುವುದು ಸೊನ್ನೆ.

ಇಲ್ಲಿಂದ ನಿಮ್ಮ ಮಿಲ್ಲಿನ ಎರಡು ಗಡಿಗಳನ್ನು ಗುರುತು ಹಾಕಿಕೊಳ್ಳಿ. ಭತ್ತದ ದರ 1,650, ಉಳಿದೆಲ್ಲ ಈಗಿನಂತೆಯೇ ಇದೆ ಎಂದಿಟ್ಟುಕೊಳ್ಳೋಣ. ಅಕ್ಕಿ ಕೆ.ಜಿ.ಗೆ ಸುಮಾರು 33.62 ರೂಪಾಯಿ ಸಿಕ್ಕರೆ ನಿಮ್ಮ ಎಲ್ಲ ಖರ್ಚೂ ಹುಟ್ಟುತ್ತದೆ, ಅದರ ಮೇಲೆ ಲಾಭ. 32.35ಕ್ಕೆ ಇಳಿದರೆ ಚೀಲದಿಂದ ಉಳಿಯುವ 30 ರೂಪಾಯಿ ಪೂರ್ತಿ ಕರಗಿ ಬದಲಾಗುವ ವೆಚ್ಚ ಮಾತ್ರ ಹುಟ್ಟುತ್ತದೆ. ಅದಕ್ಕಿಂತ ಕೆಳಗೆ ಪ್ರತಿ ಚೀಲವೂ ಸ್ವಂತ ಖರ್ಚನ್ನೇ ತರುವುದಿಲ್ಲ. ಉದಾಹರಣೆಗೆ 32 ರೂಪಾಯಿಗೆ ಮಾರಿದರೆ ಚೀಲಕ್ಕೆ 16 ರೂಪಾಯಿ ಕೈಯಿಂದ ಹೋಗುತ್ತದೆ, ತಿಂಗಳಿಗೆ 96,000. ಆಗ ಓಡಿಸಿದ ನಷ್ಟ 4,46,000, ನಿಲ್ಲಿಸಿದ ನಷ್ಟ 3,50,000. ಅಲ್ಲಿ ನಿಮ್ಮ ಲೆಕ್ಕದವರೇ ಸರಿ, ಅಣ್ಣ ತಪ್ಪು.

ಎರಡು ಗಡಿಗಳ ನಡುವೆ ಬರೀ ಒಂದೂಕಾಲು ರೂಪಾಯಿ ಅಂತರ ಇರುವುದನ್ನು ಗಮನಿಸಿ. ಪಠ್ಯಪುಸ್ತಕದ ಚಿತ್ರದಲ್ಲಿ ಈ ಜಾಗ ಅಗಲವಾಗಿ ಕಾಣುತ್ತದೆ, ರೈಸ್ ಮಿಲ್ಲಿನಲ್ಲಿ ಹಾಗಿಲ್ಲ, ಏಕೆಂದರೆ ನಿಮ್ಮ ಬದಲಾಗುವ ವೆಚ್ಚದಲ್ಲಿ ನೂರಕ್ಕೆ 94 ಪಾಲು ಭತ್ತವೇ. ಬಳ್ಳಾರಿಯಲ್ಲಿ ಬೇರೆಯವರ ಬಟ್ಟೆ ತಂದು ಕೂಲಿಗೆ ಜೀನ್ಸ್ ಹೊಲಿಯುವ ಘಟಕಕ್ಕೆ ಕೂಲಿ, ದಾರ, ಕರೆಂಟು ಬಿಟ್ಟರೆ ಬದಲಾಗುವ ವೆಚ್ಚ ಕಡಿಮೆ. ಅಲ್ಲಿ ಹೊಲಿಗೆ ದರ ಸಾಕಷ್ಟು ಇಳಿದರೂ ಓಡಿಸುವುದೇ ಸರಿ ಎನಿಸುವ ಜಾಗ ದೊಡ್ಡದು. ನೀವು ತಿಂಗಳ ಕೊನೆಗೆ ಲೆಕ್ಕ ನೋಡಿದರೆ ತಡವಾಗುತ್ತದೆ, ವಾರಕ್ಕೊಮ್ಮೆ ನೋಡಬೇಕು.

ದರದಷ್ಟೇ ಮುಖ್ಯವಾದದ್ದು ಇಳುವರಿ. ಒಂದು ಕೆ.ಜಿ. ಅಕ್ಕಿ ಮುರಿದು ನುಚ್ಚಾದರೆ 33ರ ಮಾಲು 22ಕ್ಕೆ ಹೋಯಿತು, 11 ರೂಪಾಯಿ ಖೋತಾ. ಚೀಲಕ್ಕೆ 3 ಕೆ.ಜಿ. ಹೆಚ್ಚು ಮುರಿದರೆ 33 ರೂಪಾಯಿ, ಅಂದರೆ ನಿಮ್ಮ 30 ಪೂರ್ತಿ ಹೋಗಿ ಮೇಲೆ 3 ಸಾಲ. ಮಾರುಕಟ್ಟೆ ದರ ಕದಲದೇ ಇದ್ದರೂ ಮಿಲ್ ಮುಚ್ಚುವ ಗಡಿ ದಾಟಿರುತ್ತದೆ, ಬೋರ್ಡಿನ ಮೇಲಿನ ದರ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಬೇಸಿಗೆ ಬೆಳೆಯ ಭತ್ತವನ್ನು ಕುದಿಸದೆ ಅರೆದಾಗ ಮುರಿಯುವುದು ಹೆಚ್ಚು. ಬಿಸಿಲಿನಲ್ಲಿ ಬೇಗ ಒಣಗಿ ಕಾಳಿನೊಳಗೆ ಬಿರುಕು ಬಿದ್ದಿರುತ್ತದೆ. ತೇವಾಂಶ ನೂರಕ್ಕೆ 14ರ ಆಸುಪಾಸಿನಲ್ಲಿ ಇರಬೇಕು. ತೀರಾ ಒಣಗಿದ್ದರೂ ಮುರಿಯುತ್ತದೆ, ಹಸಿ ಇದ್ದರೂ ಮುರಿಯುತ್ತದೆ. ಸವೆದ ರಬ್ಬರ್ ರೋಲನ್ನು ಇನ್ನೊಂದು ವಾರ ಎಳೆಯೋಣ ಎಂದು ಒತ್ತಡ ಬಿಗಿ ಮಾಡುವುದು ನಷ್ಟದ ಕಾಲದಲ್ಲಿ ಎಲ್ಲರೂ ಮಾಡುವ ಉಳಿತಾಯ. ರೋಲಿನಲ್ಲಿ ಒಂದೆರಡು ರೂಪಾಯಿ ಉಳಿಸಿ ನುಚ್ಚಿನಲ್ಲಿ ಇಪ್ಪತ್ತು ಕಳೆಯುವ ಲೆಕ್ಕ ಅದು. ಭತ್ತ ಕೊಳ್ಳುವ ಮೊದಲು ಒಂದು ಚೀಲ ಅರೆದು ನೋಡಿ. ಯಾವ ಲಾಟಿನಲ್ಲಿ 44 ಕೆ.ಜಿ. ಅಕ್ಕಿಯೂ ಬರುವುದಿಲ್ಲವೋ ಅದನ್ನು 1,650ಕ್ಕೆ ಕೊಳ್ಳಬೇಡಿ.

ಈಗ ಗೋದಾಮಿನ 4,000 ಚೀಲ. ‘1,800 ಕೊಟ್ಟು ತಂದದ್ದು, ಅರೆದರೆ 1,788 ಬರುತ್ತದೆ, ಮೇಲಿನ ಖರ್ಚು ಬೇರೆ, ಹಾಗಾಗಿ ಮುಟ್ಟಬಾರದು’ ಎಂಬ ಮಾತು ಗಂಗಾವತಿ, ಸಿಂಧನೂರು ಕಡೆ ದರ ಬಿದ್ದಾಗಲೆಲ್ಲ ಕೇಳಿಬರುತ್ತದೆ. ಕೊಂಡ ದರ ಈಗಿನ ತೀರ್ಮಾನದಲ್ಲಿ ಬರಲೇಬಾರದು. ಚೀಲಕ್ಕೆ 150ರಂತೆ 6 ಲಕ್ಷ ನಷ್ಟ ದರ ಇಳಿದ ದಿನವೇ ಆಗಿಹೋಗಿದೆ. ಅರೆದರೂ, ಇಟ್ಟರೂ, ಮಾರಿದರೂ ಅದು ವಾಪಸ್ ಬರುವುದಿಲ್ಲ. ಈಗ ಕೇಳಬೇಕಾದ್ದು ಇಷ್ಟೇ: ಈ ಭತ್ತವನ್ನು ಹಾಗೇ ಮಾರಿದರೆ ಎಷ್ಟು, ಅರೆದು ಮಾರಿದರೆ ಎಷ್ಟು?

ಹಾಗೇ ಮಾರಿದರೆ 1,650ರಲ್ಲಿ ಹಮಾಲಿ, ದಲಾಲಿ ಹೋಗಿ ಸುಮಾರು 1,635 ಕೈಗೆ ಬರುತ್ತದೆ. ಅರೆದರೆ 1,788ರಲ್ಲಿ ಭತ್ತ ಬಿಟ್ಟು ಉಳಿದ 108 ರೂಪಾಯಿ ಖರ್ಚು ಕಳೆದು 1,680. ಅರೆಯುವುದೇ 45 ರೂಪಾಯಿ ಮೇಲು. ಇನ್ನೊಂದು ಸೂಕ್ಷ್ಮ ಇದೆ. ಹೊಸದಾಗಿ ಭತ್ತ ಕೊಂಡು ಅರೆಯಲು ಅಕ್ಕಿಗೆ 32.35 ಬೇಕಿತ್ತು. ಕೈಯಲ್ಲಿರುವ ಭತ್ತವಾದರೆ ಅಕ್ಕಿಗೆ 32 ರೂಪಾಯಿ ಸಿಕ್ಕರೂ ಅರೆಯುವುದೂ ಹಾಗೇ ಮಾರುವುದೂ ಹೆಚ್ಚುಕಡಿಮೆ ಸಮ. ಕೊಳ್ಳುವಾಗಲೂ ಮಾರುವಾಗಲೂ ಖರ್ಚು ಇರುವುದರಿಂದ ಈ ವ್ಯತ್ಯಾಸ. ಆದ್ದರಿಂದ ದರ 32.35ರ ಕೆಳಗೆ ಹೋದ ವಾರ ಕೊಳ್ಳುವುದನ್ನು ನಿಲ್ಲಿಸಿ, ಗೋದಾಮಿನದ್ದನ್ನು ಅರೆಯುತ್ತಾ ಹೋಗಬಹುದು. ದರ ಏರಿದಾಗ ಇದೇ ತಪ್ಪು ತಿರುವುಮುರುವಾಗಿ ನಡೆಯುತ್ತದೆ. 1,500ಕ್ಕೆ ಕೊಂಡ ಭತ್ತ 1,750ಕ್ಕೆ ಏರಿದಾಗ ಅರೆದು 1,680 ಮಾಡಿಕೊಂಡು ಲಾಭ ಬಂತು ಎಂದು ಖುಷಿಪಡುತ್ತಾರೆ. ಆ ಲಾಭ ಭತ್ತ ತಂದದ್ದು, ಮಿಲ್ ಅದರಲ್ಲಿ ಸ್ವಲ್ಪ ತಿಂದುಹಾಕಿತು.

ಇಷ್ಟರವರೆಗೆ ಸ್ಥಿರ ವೆಚ್ಚ ಅಂದರೆ ಏನು ಮಾಡಿದರೂ ತಪ್ಪದ್ದು ಎಂದು ಹಿಡಿದಿದ್ದೆ. ಒಂದು ವಾರದ ಮಟ್ಟಿಗೆ ಅದು ನಿಜ, ಮೂರು ತಿಂಗಳಿಗೆ ಅಲ್ಲ. ನಿಮ್ಮ 90,000 ಸಂಬಳದಲ್ಲಿ ಆಪರೇಟರ್ ಮತ್ತು ಫಿಟ್ಟರದು 60,000, ಗುಮಾಸ್ತ ಮತ್ತು ವಾಚ್‌ಮನ್‌ದು 30,000. ಮಿಲ್ ಬಂದ್ ಆದರೂ ವಾಚ್‌ಮನ್ ಬೇಕು, ಲೆಕ್ಕ ನೋಡಲು ಗುಮಾಸ್ತ ಬೇಕು. ಆಪರೇಟರ್, ಫಿಟ್ಟರನ್ನು ಕಳಿಸಿದರೆ 60,000 ಉಳಿಯುತ್ತದೆ. ಹಾಗಾಗಿ ಮೂರು ತಿಂಗಳ ತೀರ್ಮಾನದಲ್ಲಿ ಆ 60,000ವನ್ನು ‘ನಿಲ್ಲಿಸಿದರೆ ಉಳಿಯುವ ಖರ್ಚು’ ಎಂಬ ಪಟ್ಟಿಗೆ ಸೇರಿಸಬೇಕು. ಆಗ ಗಡಿ 32.35ರಿಂದ ಸುಮಾರು 32.57ಕ್ಕೆ ಏರುತ್ತದೆ. ಜೆಸ್ಕಾಂ ಬೇಡಿಕೆ ಶುಲ್ಕವೂ ಹೀಗೇ. ಮಂಜೂರಾದ ಲೋಡ್ ಇಳಿಸಲು ಅರ್ಜಿ ಹಾಕಬಹುದು. ಆದರೆ ಮತ್ತೆ ಏರಿಸಲು ಮತ್ತೆ ಅರ್ಜಿ, ಠೇವಣಿ, ಓಡಾಟ. ಬರೀ ಮೂರು ತಿಂಗಳಿಗಾಗಿ ಅದಕ್ಕೆ ಕೈಹಾಕುವುದು ಬೇಡ.

ಈ ಕಾರಣಕ್ಕೆ ದರದ ಜೊತೆ ಚೀಲದ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ದರ ಈಗಿನಂತೆ 33 ಇದ್ದರೂ, ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬಿಡದ ವರ್ಷ ತಿಂಗಳಿಗೆ 2,000 ಚೀಲವೇ ಸಿಕ್ಕರೆ ಉಳಿಯುವುದು 60,000. ಅದು ಆಪರೇಟರ್, ಫಿಟ್ಟರ್ ಸಂಬಳಕ್ಕೆ ಸಮ. ಅದಕ್ಕೂ ಕಡಿಮೆ ಸಿಕ್ಕರೆ ಚೀಲಕ್ಕೆ 30 ರೂಪಾಯಿ ಉಳಿಯುತ್ತಿದ್ದರೂ ಮಿಲ್ ನಿಲ್ಲಿಸುವುದೇ ವಾಸಿ. ಇಂಥ ಹೊತ್ತಿನಲ್ಲಿ ಓಡಿಸುವುದೇ ಆದರೆ, ದಿನಾ ಎರಡು ತಾಸು ಓಡಿಸುವ ಬದಲು ಭತ್ತ ಕೂಡಿಟ್ಟು ವಾರದಲ್ಲಿ ಎರಡು ದಿನ ಪೂರ್ತಿ ಓಡಿಸಿ. ಖಾಲಿ ಮೋಟರ್ ತಿರುಗುವ, ಪ್ರತಿ ಸಲ ಮಷಿನ್ ಹದಕ್ಕೆ ಬರುವವರೆಗೆ ಅಕ್ಕಿ ಮುರಿಯುವ ಖರ್ಚು ಕಡಿಮೆಯಾಗುತ್ತದೆ.

ನಿಲ್ಲಿಸುವುದಕ್ಕೂ ಖರ್ಚಿದೆ, ಅದು ಯಾರ ಹಾಳೆಯಲ್ಲೂ ಇರುವುದಿಲ್ಲ. ಆಪರೇಟರ್ ಬೇರೆ ಮಿಲ್ಲಿಗೆ ಹೋದರೆ ಸುಗ್ಗಿಯಲ್ಲಿ ಅದೇ ಸಂಬಳಕ್ಕೆ ಮರಳಿ ಬರುವುದಿಲ್ಲ. ಎಲಿವೇಟರ್ ಗುಂಡಿಯಲ್ಲಿ ಉಳಿದ ಕಾಳಿಗೆ ಹುಳು ಬೀಳುತ್ತದೆ, ಇಲಿ ಬೆಲ್ಟು, ವೈರು ಕಡಿಯುತ್ತದೆ. ನಿಮ್ಮ ಮಾರ್ಕಿನ ಅಕ್ಕಿ ಮೂರು ತಿಂಗಳು ಬರದಿದ್ದರೆ ವ್ಯಾಪಾರಿ ಇನ್ನೊಂದು ಮಾರ್ಕಿಗೆ ಒಗ್ಗಿಕೊಳ್ಳುತ್ತಾನೆ. ಮತ್ತೆ ಶುರು ಮಾಡಲು 80,000 ಎಂದು ಹಿಡಿಯೋಣ. ಮೂರು ತಿಂಗಳು ಬಂದ್ ಮಾಡಿದರೆ ಕಳೆದುಕೊಳ್ಳುವುದು 1,80,000ದ ಮೂರು ಪಟ್ಟು, ಅಂದರೆ 5,40,000. ಉಳಿಯುವುದು ಸಂಬಳದ 1,80,000. ಮೇಲೆ ಶುರುವಿನ ಖರ್ಚು 80,000. ಈಗಿನ ದರದಲ್ಲಿ ಬಂದ್ ಮಾಡುವುದು 4,40,000 ರೂಪಾಯಿ ದುಬಾರಿ.

ಕೊಪ್ಪಳ, ಬಳ್ಳಾರಿಯ ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಈ ನಿಲ್ಲಿಸುವ ಖರ್ಚು ಎಷ್ಟು ದೊಡ್ಡದೆಂದರೆ, ಬೆಲೆ ಬದಲಾಗುವ ವೆಚ್ಚಕ್ಕಿಂತ ಕೆಳಗಿಳಿದರೂ ಕೆಲಕಾಲ ಕಿಲ್ನ್ ಎಂಬ ಕುಲುಮೆಯನ್ನು ಆರಿಸುವುದಿಲ್ಲ. ಆರಿಸಿ ಮತ್ತೆ ಕಾಯಿಸುವಷ್ಟರಲ್ಲಿ ಒಳಗಿನ ಇಟ್ಟಿಗೆಯ ಪದರಕ್ಕೆ ಬಿರುಕು ಬೀಳುತ್ತದೆ, ಕಾಯಿಸುವುದಕ್ಕೇ ದಿನಗಳು ಬೇಕು. ನಿಮ್ಮದು ಸ್ವಿಚ್ ಒತ್ತಿದರೆ ನಿಲ್ಲುವ ಮಷಿನ್. ಆದ್ದರಿಂದ ಒಂದೆರಡು ವಾರ ದರ ಗಡಿಯ ಕೆಳಗೆ ಹೋದರೆ ಕೊಳ್ಳುವುದು ನಿಲ್ಲಿಸಿ, ಗೋದಾಮು ಖಾಲಿಯಾದರೆ ಮಷಿನ್ ನಿಲ್ಲಿಸಿ, ಇರುವ ಕೆಲಸಗಾರರಿಂದಲೇ ಪಾಲಿಶರ್ ಕಲ್ಲು, ಬೇರಿಂಗ್, ಬಕೆಟ್ ದುರಸ್ತಿ ಮಾಡಿಸಿ. ಅವರನ್ನು ಕಳಿಸುವ ಮಾತು ಎರಡು ತಿಂಗಳಾದರೂ ದರ ಏರುವುದಿಲ್ಲ ಎನಿಸಿದಾಗ.

ಇನ್ನೊಂದು ದಾರಿ ನಿಮ್ಮ ಹಾಳೆಯಲ್ಲಿ ಕಾಣಲಿಲ್ಲ: ಬೇರೆಯವರ ಭತ್ತವನ್ನು ಬಾಡಿಗೆಗೆ ಅರೆದು ಕೊಡುವುದು. ಅಲ್ಲಿ ಭತ್ತಕ್ಕೆ ದುಡ್ಡು ಹಾಕಬೇಕಿಲ್ಲ, ಬಡ್ಡಿಯಿಲ್ಲ, ಚೀಲ ಅವರದೇ, ಅಕ್ಕಿ ದರ ಬಿದ್ದರೆ ನಷ್ಟ ಅವರಿಗೆ. ನಿಮಗೆ ತಗಲುವುದು ವಿದ್ಯುತ್ 20, ರೋಲ್ ಸವೆತ 6, ಹಮಾಲಿ 22, ಒಟ್ಟು 48. ತೌಡು, ನುಚ್ಚು ಎಲ್ಲ ಅವರಿಗೇ ಕೊಟ್ಟು ಚೀಲಕ್ಕೆ 70 ರೂಪಾಯಿ ಬಾಡಿಗೆ ಕೊಡುವವರಿದ್ದರೆ 22 ಉಳಿಯುತ್ತದೆ. ಸ್ವಂತ ಭತ್ತದ 30ಕ್ಕಿಂತ ಕಡಿಮೆ ನಿಜ, ಆದರೆ ಅದು ಅಲುಗಾಡದ 22. ಅಕ್ಕಿ 32.80ಕ್ಕಿಂತ ಕೆಳಗೆ ಇಳಿದ ವಾರ ಬಾಡಿಗೆ ಕೆಲಸವೇ ಮೇಲಾಗುತ್ತದೆ. ‘ತೌಡು ನಮಗೆ, ಬಾಡಿಗೆ ಕಡಿಮೆ’ ಎಂಬ ಕರಾರು ಬಂದರೆ ತೌಡಿನ ಆ ದಿನದ ದರ ಹಾಕಿಯೇ ಒಪ್ಪಿಕೊಳ್ಳಿ.

ಈ ಎಲ್ಲ ಲೆಕ್ಕಕ್ಕೂ ಒಂದು ಮಿತಿಯಿದೆ. ಓಡಿಸಿದರೂ ತಿಂಗಳಿಗೆ 1,70,000 ಕಡಿಮೆ ಬೀಳುತ್ತದೆ, ಅದು ಎಲ್ಲಿಂದಲಾದರೂ ಬರಬೇಕು. ಕಂತಿನ 2,10,000ದಲ್ಲಿ 1,20,000 ಬಡ್ಡಿ, 90,000 ಅಸಲು. ಅಸಲು ಕಟ್ಟಿದ್ದು ಖರ್ಚಲ್ಲ, ನಿಮ್ಮ ಸಾಲ ಇಳಿಯುತ್ತದೆ. ಓಡಿಸುವ, ನಿಲ್ಲಿಸುವ ತೀರ್ಮಾನಕ್ಕೆ ಎರಡೂ ಸಮ. ಆದರೆ ಕೈಯಿಂದ ಹೋಗುವ ದುಡ್ಡು ದುಡ್ಡೇ. ಅನೇಕರು ಇಲ್ಲಿ ಮಾಡುವ ಅಪಾಯದ ಕೆಲಸವೆಂದರೆ, ಭತ್ತ ಕೊಳ್ಳಲು ಬ್ಯಾಂಕ್ ಕೊಟ್ಟ ಓವರ್‌ಡ್ರಾಫ್ಟ್ ಖಾತೆಯಿಂದ ತೆಗೆದು ಮಷಿನರಿ ಸಾಲದ ಕಂತು ಕಟ್ಟುವುದು. ಮೂರ್ನಾಲ್ಕು ತಿಂಗಳಲ್ಲಿ ಭತ್ತ ಕೊಳ್ಳಲು ದುಡ್ಡಿರುವುದಿಲ್ಲ, ಚೀಲ 6,000ದಿಂದ 3,000ಕ್ಕೆ ಇಳಿಯುತ್ತದೆ, ಆಗ ಓಡಿಸುವ ಲೆಕ್ಕವೇ ಬಿದ್ದುಹೋಗುತ್ತದೆ. ಕಂತು 90 ದಿನ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಎಂದು ದಾಖಲಾಗುತ್ತದೆ, ಆಮೇಲೆ ಹೊಸ ಸಾಲದ ಮಿತಿ ಸಿಗುವುದು ಕಷ್ಟ. ಬಾಕಿ ಬೀಳುವ ಮೊದಲೇ ಮೇಲಿನ ಲೆಕ್ಕ ಹಿಡಿದು ಬ್ಯಾಂಕಿಗೆ ಹೋಗಿ. ಮಿಲ್ ನಿಂತರೆ ತಿಂಗಳಿಗೆ 1,80,000 ಹುಟ್ಟುವುದು ನಿಲ್ಲುತ್ತದೆ, ಅಸಲನ್ನು ಸುಗ್ಗಿಯ ನಂತರಕ್ಕೆ ಮುಂದೂಡಿದರೆ ಕೊರತೆ 80,000ಕ್ಕೆ ಇಳಿಯುತ್ತದೆ ಎಂದು ತೋರಿಸಿ. ಮ್ಯಾನೇಜರ್ ಒಪ್ಪಲೇಬೇಕೆಂದಿಲ್ಲ, ಆದರೆ ಬಾಕಿ ಬಿದ್ದ ಮೇಲೆ ಹೋದವರಿಗಿಂತ ನಿಮ್ಮ ಮಾತಿಗೆ ತೂಕ ಇರುತ್ತದೆ.

ಕೊನೆಯದಾಗಿ, ‘ಬದಲಾಗುವ ವೆಚ್ಚ ಹುಟ್ಟುತ್ತಿದೆಯಲ್ಲ’ ಎಂದು ವರ್ಷಗಟ್ಟಲೆ ಓಡಿಸಲು ಇದು ಪರವಾನಗಿಯಲ್ಲ. ಸಾಲ ತೀರುವ ದಿನ, ಹೊಸ ಪಾಲಿಶರ್ ಅಥವಾ ಬಣ್ಣ ಬೇರ್ಪಡಿಸುವ ಸಾರ್ಟೆಕ್ಸ್ ಮಷಿನ್ ಕೊಳ್ಳುವ ದಿನ, ಗೋದಾಮಿನ ಲೀಸು ಮುಗಿಯುವ ದಿನ ಆ ಖರ್ಚು ಮತ್ತೆ ನಿಮ್ಮ ಕೈಯಲ್ಲಿರುತ್ತದೆ. ಮಾಡಬಹುದು, ಬಿಡಬಹುದು. ಆ ದಿನದ ಲೆಕ್ಕದಲ್ಲಿ ಚೀಲಕ್ಕೆ 30 ಉಳಿದರೆ ಸಾಲದು, ಪೂರ್ತಿ ವೆಚ್ಚ ಹುಟ್ಟಬೇಕು, ಜೊತೆಗೆ ಮಷಿನ್ ಮತ್ತು ಜಾಗವನ್ನು ಇಂದು ಮಾರಿದರೆ ಬರುವ ದುಡ್ಡಿನ ಬಡ್ಡಿಯೂ ಹುಟ್ಟಬೇಕು. ಎರಡು ಸುಗ್ಗಿಗಳ ಸರಾಸರಿಯಲ್ಲೂ ಅಕ್ಕಿ 33.62 ಮುಟ್ಟದಿದ್ದರೆ ಹೊಸ ಮಷಿನ್‌ಗೆ ಸಾಲ ತೆಗೆಯಬೇಡಿ. ಈಗಿರುವುದನ್ನು ಸವೆಯುವವರೆಗೆ ಓಡಿಸಿ.

ಈ ವಾರ ಮಾಡಬೇಕಾದ್ದು: ಗೋದಾಮಿನ 4,000 ಚೀಲ ಅರೆಯಲು ಶುರು ಮಾಡಿ. ಹೊಸ ಭತ್ತವನ್ನು ವಾರಕ್ಕೆ ಬೇಕಾದಷ್ಟೇ ಕೊಳ್ಳಿ. ಪ್ರತಿ ಸೋಮವಾರ ಗುಮಾಸ್ತರಿಂದ ನಾಲ್ಕು ಅಂಕಿ ಬರೆಸಿಕೊಳ್ಳಿ: ಭತ್ತದ ದರ, ಅಕ್ಕಿಯ ದರ, ಚೀಲಕ್ಕೆ ಬಂದ ಅಕ್ಕಿ, ಚೀಲಕ್ಕೆ ಬಂದ ನುಚ್ಚು. ತೌಡು, ಹೊಟ್ಟಿನ ದರ ತಿಂಗಳಿಗೊಮ್ಮೆ ತಿದ್ದಿದರೆ ಸಾಕು. ಚೀಲಕ್ಕೆ ಉಳಿಯುವುದು 10 ರೂಪಾಯಿಗಿಂತ ಕೆಳಗೆ ಎರಡು ಸೋಮವಾರ ಕಂಡರೆ ಕೊಳ್ಳುವುದನ್ನು ನಿಲ್ಲಿಸಿ, ಬಾಡಿಗೆ ಭತ್ತ ಹುಡುಕಿ.